ಸೆಲೂನಿನಲ್ಲಿ ಒಂದು ಕುರ್ಚಿ ಬಾಡಿಗೆಗೋ, ಇಡೀ ಅಂಗಡಿಯೋ? ಅಡ್ವಾನ್ಸ್ ಕೊಡುವ ಮೊದಲು ಮಾಡಬೇಕಾದ ಲೆಕ್ಕ

ಸ್ವಂತ ಸೆಲೂನ್ ಹಾಕಿ ಕೈ ಸುಟ್ಟುಕೊಂಡವರಲ್ಲಿ ಕತ್ತರಿ ಹಿಡಿಯಲು ಬಾರದವರು ಅಪರೂಪ. ಅವರು ಎಡವುವುದು ಕ್ರಮದಲ್ಲಿ. ಮೊದಲು ಅಂಗಡಿ ಕೋಣೆ ನೋಡುತ್ತಾರೆ, ಕೋಣೆ ಮನಸ್ಸಿಗೆ ಹಿಡಿಸುತ್ತದೆ, ಬೇರೆಯವರು ತೆಗೆದುಕೊಂಡಾರೆಂಬ ಅವಸರದಲ್ಲಿ ಅಡ್ವಾನ್ಸ್ ಕೊಡುತ್ತಾರೆ. ಗಿರಾಕಿಗಳು ಎಷ್ಟು ಬೇಕು ಎಂಬ ಲೆಕ್ಕ ಶುರುವಾಗುವುದು ಆಮೇಲೆ. ಬೇರೆಯವರ ಸೆಲೂನಿನಲ್ಲಿ ಕುರ್ಚಿ ಬಾಡಿಗೆಗೆ ಹಿಡಿದು ಸ್ವಂತವಾಗಿ ದುಡಿಯಲು ಹೋಗುವವರೂ ತಿಂಗಳಿಗೆ ಎಷ್ಟು ಎಂದಷ್ಟೇ ಕೇಳಿ ಒಪ್ಪಿಬಿಡುತ್ತಾರೆ.

ಸರಿಯಾದ ಕ್ರಮ ಹೀಗೆ: ಮೊದಲು ಗಿರಾಕಿ, ಆಮೇಲೆ ಹಣ, ಆಮೇಲೆ ಕಾಗದಪತ್ರ, ಕೊನೆಗೆ ಗೋಡೆ ಮತ್ತು ನಲ್ಲಿ. ಬೇಕಾದ ಸಾಧನ ಒಂದು ನೋಟ್‌ಬುಕ್, ಅಳತೆ ಟೇಪ್, ಟಾರ್ಚ್ ಇಷ್ಟೇ.

ಗಂಡಸರ ಕಟಿಂಗ್, ಶೇವಿಂಗ್ ಮಾಡುವ ಒಬ್ಬ ಕೆಲಸಗಾರನ ಉದಾಹರಣೆಯನ್ನು ಉದ್ದಕ್ಕೂ ಇಟ್ಟುಕೊಳ್ಳೋಣ. ಈಗ ಮಂಗಳೂರಿನ ಕಂಕನಾಡಿಯ ಸೆಲೂನೊಂದರಲ್ಲಿ ಸಂಬಳಕ್ಕಿದ್ದಾನೆ. ಅವನ ಮುಂದಿರುವ ಆಯ್ಕೆ ಎರಡು: ಬಿಜೈಯ ಸೆಲೂನಿನಲ್ಲಿ ಒಂದು ಕುರ್ಚಿ, ಅಥವಾ ಕೊಟ್ಟಾರದಲ್ಲಿ 180 ಚದರ ಅಡಿಯ ಕೋಣೆ. ಮೊತ್ತಗಳೆಲ್ಲ ಲೆಕ್ಕ ತೋರಿಸಲು ಹಿಡಿದವು. ಆ ಜಾಗದಲ್ಲಿ ನಿಮ್ಮ ಮೊತ್ತ ಬರೆದುಕೊಳ್ಳಿ.

## ಹಂತ 1: ನಿಮ್ಮ ಹಿಂದೆ ಬರುವ ಗಿರಾಕಿಗಳನ್ನು ಎಣಿಸಿ

ಈಗಿರುವ ಸೆಲೂನಿನಲ್ಲೇ ಒಂದು ತಿಂಗಳು ನೋಟ್‌ಬುಕ್ ಇಡಿ. ನಿಮ್ಮ ಕುರ್ಚಿಯಲ್ಲಿ ಕೂತ ಪ್ರತಿಯೊಬ್ಬರಿಗೂ ಒಂದು ಗೆರೆ ಎಳೆಯಿರಿ. ನಿಮ್ಮ ಹೆಸರು ಹೇಳಿ ಕೇಳಿದವರಿಗೆ, ಅಥವಾ ಪಕ್ಕದ ಕುರ್ಚಿ ಖಾಲಿ ಇದ್ದರೂ ನಿಮಗಾಗಿ ಕಾದವರಿಗೆ, ಆ ಗೆರೆಗೆ ಸುತ್ತು ಹಾಕಿ. ಪಕ್ಕದಲ್ಲಿ ಬಿಲ್ ಮೊತ್ತ ಮತ್ತು ಅವರ ಮನೆ ಎಲ್ಲಿ ಎಂಬುದನ್ನು ಬರೆಯಿರಿ. ಮಾತಿನ ನಡುವೆ ಕೇಳಿದರೆ ಯಾರಾದರೂ ಹೇಳುತ್ತಾರೆ.

ನಮ್ಮ ಕೆಲಸಗಾರ ದಿನಕ್ಕೆ ಸರಾಸರಿ 11 ಜನರ ಕೆಲಸ ಮಾಡುತ್ತಾನೆ. ಮಂಗಳವಾರದ ರಜೆ ಕಳೆದು ತಿಂಗಳಿಗೆ 26 ದಿನ ಎಂದರೆ 286 ಗೆರೆ. ಸುತ್ತು ಬಿದ್ದದ್ದು 120ಕ್ಕೆ ಮಾತ್ರ. ಉಳಿದ 166 ಜನ ಆ ಸೆಲೂನಿಗೆ ಬಂದವರು, ಅವನಿಗಾಗಿ ಬಂದವರಲ್ಲ. ‘ನನಗೆ ತಿಂಗಳಿಗೆ ಮುನ್ನೂರು ಗಿರಾಕಿ ಇದ್ದಾರೆ’ ಎಂಬ ಲೆಕ್ಕ ಕೆಡುವುದು ಇಲ್ಲೇ.

ಆ 120 ಜನರೂ ಪೂರ್ತಿ ಬರುವುದಿಲ್ಲ. ಕಂಕನಾಡಿ, ವೆಲೆನ್ಸಿಯಾ ಕಡೆಯವರು ಕಟಿಂಗ್‌ಗಾಗಿ ಸಿಟಿ ದಾಟಿ ಕೊಟ್ಟಾರಕ್ಕೆ ಒಮ್ಮೆ ಬಂದಾರು, ಪ್ರತಿ ತಿಂಗಳು ಬರಲಾರರು. ಹೊಸ ಜಾಗಕ್ಕೆ ಹೋಗುವಾಗ ಸುತ್ತು ಹಾಕಿದವರಲ್ಲಿ ಮೂರನೇ ಎರಡು ಭಾಗವನ್ನಷ್ಟೇ ಹಿಡಿಯುವುದು ಜಾಣತನ. ಇಲ್ಲಿ ಅದು 80. ಈ 80ನ್ನು ದೊಡ್ಡದಾಗಿ ಬರೆದಿಡಿ, ಮುಂದಿನ ಲೆಕ್ಕವೆಲ್ಲ ಅದರ ಮೇಲೆ ನಿಂತಿದೆ.

ಹುಷಾರು: ಗಿರಾಕಿಗಳ ಹತ್ತಿರ ‘ನಾನು ಬೇರೆ ಹಾಕಿದರೆ ಬರ್ತೀರಾ’ ಎಂದು ಕೇಳಿ ಎಣಿಸಬೇಡಿ. ಮುಖ ನೋಡಿ ಎಲ್ಲರೂ ಹೌದು ಎನ್ನುತ್ತಾರೆ. ಸಾಲದ್ದಕ್ಕೆ ಸಂಜೆಯೊಳಗೆ ಸುದ್ದಿ ಯಜಮಾನರ ಕಿವಿ ಮುಟ್ಟಿರುತ್ತದೆ.

## ಹಂತ 2: ಕುರ್ಚಿಗೆ ದಿನಕ್ಕೆ ಎಷ್ಟು ಜನ ಬೇಕು

ನೋಟ್‌ಬುಕ್ಕಿನಿಂದ ಸರಾಸರಿ ಬಿಲ್ ತೆಗೆಯಿರಿ. ಇಲ್ಲಿ ₹180. ಅದರಲ್ಲಿ ಬ್ಲೇಡ್, ಫೋಮ್, ನೆಕ್ ಪೇಪರ್, ಟವೆಲ್ ಒಗೆತ ಎಂದು ಒಬ್ಬರಿಗೆ ₹20 ಕಳೆದರೆ ಕೈಗೆ ಸಿಗುವುದು ₹160.

ಬಿಜೈಯ ಯಜಮಾನರು ಕರೆಂಟ್, ನೀರು, ಎಸಿ ಸೇರಿಸಿ ತಿಂಗಳಿಗೆ ₹9,000 ಕೇಳಿದ್ದಾರೆ. ಮಿಷನ್ ರಿಪೇರಿ, ಫೋನ್ ಇತ್ಯಾದಿಗೆ ₹1,000. ಮನೆ ಖರ್ಚಿಗೆ ಕನಿಷ್ಠ ₹22,000 ಬೇಕು. ಒಟ್ಟು ₹32,000. ಇದನ್ನು 160ರಿಂದ ಭಾಗಿಸಿದರೆ ತಿಂಗಳಿಗೆ 200 ಜನ, ದಿನಕ್ಕೆ ಸುಮಾರು 8. ತನ್ನವರು 80 ಇದ್ದಾರೆ. ಉಳಿದ 120 ಜನ, ಅಂದರೆ ದಿನಕ್ಕೆ ನಾಲ್ಕೈದು ಮಂದಿ, ಆ ಸೆಲೂನಿಗೆ ಸುಮ್ಮನೆ ಬಂದವರಿಂದ ಸಿಗಬೇಕು.

ಹಾಗಾಗಿ ಬಾಡಿಗೆಗಿಂತ ಮೊದಲು ಕೇಳಬೇಕಾದದ್ದು, ಹೊಸದಾಗಿ ಒಳಗೆ ಬಂದ ಗಿರಾಕಿ ಯಾರ ಕುರ್ಚಿಗೆ ಹೋಗುತ್ತಾನೆ ಎಂಬುದು. ಸರದಿ ಪ್ರಕಾರವೋ, ಯಜಮಾನರ ಕುರ್ಚಿ ತುಂಬಿದ ಮೇಲೋ? ಉತ್ತರ ಎರಡನೆಯದಾದರೆ ನಿಮಗೆ ಸಿಗುವುದು ಶನಿವಾರ ಸಂಜೆ ಮತ್ತು ಭಾನುವಾರದ ಉಳಿಕೆ ಮಾತ್ರ. ಬುಧವಾರ, ಗುರುವಾರ ಕೈಕಟ್ಟಿ ಕೂರಬೇಕಾಗುತ್ತದೆ. ಒಪ್ಪುವ ಮೊದಲು ಒಂದು ಬುಧವಾರ ಬೆಳಿಗ್ಗೆ ಗಿರಾಕಿಯಂತೆ ಹೋಗಿ ಅಲ್ಲಿ ಕಟಿಂಗ್ ಮಾಡಿಸಿಕೊಳ್ಳಿ. ಅರ್ಧ ಗಂಟೆಯಲ್ಲಿ ಎಲ್ಲ ಗೊತ್ತಾಗುತ್ತದೆ.

### ನಿಗದಿ ಬಾಡಿಗೆಯೋ, ಪರ್ಸೆಂಟೇಜೋ

ಕೆಲವರು ಬಾಡಿಗೆಯ ಬದಲು ಬಿಲ್‌ನಲ್ಲಿ ಶೇ. 40 ಕೇಳುತ್ತಾರೆ. ₹180ಕ್ಕೆ ಅದು ₹72. 9,000ವನ್ನು 72ರಿಂದ ಭಾಗಿಸಿದರೆ 125. ತಿಂಗಳಿಗೆ 125 ಜನರಿಗಿಂತ ಕಡಿಮೆ ಇದ್ದರೆ ಪರ್ಸೆಂಟೇಜ್ ಅಗ್ಗ, ಹೆಚ್ಚಿದ್ದರೆ ನಿಗದಿ ಬಾಡಿಗೆ ಅಗ್ಗ. 80 ಜನರೊಂದಿಗೆ ಶುರು ಮಾಡುವವನಿಗೆ ಮೊದಲ ಮೂರು ತಿಂಗಳು ಪರ್ಸೆಂಟೇಜ್, ನಾಲ್ಕನೇ ತಿಂಗಳಿಂದ ನಿಗದಿ ಬಾಡಿಗೆ ಎಂಬ ಒಪ್ಪಂದ ಸರಿಹೋಗುತ್ತದೆ.

ಪರ್ಸೆಂಟೇಜ್‌ಗೆ ಇನ್ನೊಂದು ಗುಣವಿದೆ. ನಿಮ್ಮ ಕುರ್ಚಿ ಖಾಲಿ ಇದ್ದರೆ ಯಜಮಾನರಿಗೂ ನಷ್ಟ, ಆದ್ದರಿಂದ ಗಿರಾಕಿಯನ್ನು ನಿಮ್ಮ ಕಡೆ ಕಳಿಸುತ್ತಾರೆ. ನಿಗದಿ ಬಾಡಿಗೆ ಬರುವವರಿಗೆ ಆ ಚಿಂತೆ ಇಲ್ಲ.

ಕೌಂಟರ್ ಮೇಲಿನ ಕ್ಯೂಆರ್ ಕೋಡ್ ಯಾರ ಖಾತೆಯದ್ದು ಎಂಬುದನ್ನೂ ನೋಡಿ. ಯಜಮಾನರದ್ದಾದರೆ ನಿಮ್ಮ ದುಡಿಮೆ ಮೊದಲು ಅವರ ಖಾತೆಗೆ ಹೋಗಿ, ‘ಭಾನುವಾರ ಲೆಕ್ಕ ಮಾಡುವ’ ಎಂಬಲ್ಲಿಗೆ ನಿಲ್ಲುತ್ತದೆ. ನಿಗದಿ ಬಾಡಿಗೆಯಾದರೆ ನಿಮ್ಮ ಕುರ್ಚಿಯ ಕನ್ನಡಿಗೆ ನಿಮ್ಮದೇ ಕ್ಯೂಆರ್ ಅಂಟಿಸಿ. ಪರ್ಸೆಂಟೇಜ್ ಆದರೆ ದಿನದ ಲೆಕ್ಕ ಆ ರಾತ್ರಿಯೇ ಮುಗಿಯಬೇಕು ಎಂದು ಬರೆಸಿ.

ಯಜಮಾನರಿಗೆ ಜಿಎಸ್‌ಟಿ ನೋಂದಣಿ ಇದ್ದರೆ ಕುರ್ಚಿ ಬಾಡಿಗೆಯ ಮೇಲೆ ಶೇ. 18 ಸೇರಿ ₹9,000 ಎಂಬುದು ₹10,620 ಆಗುತ್ತದೆ. ಕಟ್ಟಡದ ಮಾಲಕರಿಗೂ ಇದೇ ನಿಯಮ. ಹೇಳಿದ ಬಾಡಿಗೆಯಲ್ಲಿ ತೆರಿಗೆ ಸೇರಿದೆಯೋ ಇಲ್ಲವೋ ಎಂದು ಕೇಳಿಯೇ ಬರೆದುಕೊಳ್ಳಿ. ನಿಮ್ಮ ವಹಿವಾಟು ವರ್ಷಕ್ಕೆ ₹20 ಲಕ್ಷದೊಳಗಿದ್ದರೆ ನೀವು ನೋಂದಣಿ ಮಾಡಬೇಕಾಗಿಲ್ಲ. ಆದರೆ ಕೊಟ್ಟ ಆ ತೆರಿಗೆ ವಾಪಸು ಸಿಗುವುದೂ ಇಲ್ಲ.

## ಹಂತ 3: ಅಂಗಡಿಗೆ ದಿನಕ್ಕೆ ಎಷ್ಟು ಜನ ಬೇಕು

ಕೊಟ್ಟಾರದ ಕೋಣೆಗೆ ಬಾಡಿಗೆ ₹14,000, ಅಡ್ವಾನ್ಸ್ ಹತ್ತು ತಿಂಗಳದ್ದು, ₹1,40,000. ಅಡ್ವಾನ್ಸ್ ಕೊನೆಗೆ ವಾಪಸು ಬರುವ ಹಣ, ಅದನ್ನು ಖರ್ಚಿಗೆ ಸೇರಿಸಬೇಡಿ. ಸೇರಿಸಬೇಕಾದದ್ದು ಒಳಗಿನ ಕೆಲಸ.

ಆ ಕೆಲಸವನ್ನು ಎರಡು ಪಟ್ಟಿ ಮಾಡಿ. ಹೊರಡುವಾಗ ಎತ್ತಿಕೊಂಡು ಹೋಗಬಹುದಾದದ್ದು ಒಂದು: ಎರಡು ಹೈಡ್ರಾಲಿಕ್ ಕುರ್ಚಿ ₹32,000, ಎಸಿ ₹38,000, ಇನ್ವರ್ಟರ್ ಬ್ಯಾಟರಿ ₹28,000, ಒಟ್ಟು ₹98,000. ಗೋಡೆಗೇ ಬಿಟ್ಟು ಬರಬೇಕಾದದ್ದು ಇನ್ನೊಂದು: ಕನ್ನಡಿ ಮತ್ತು ಮರದ ಕೆಲಸ ₹55,000, ವೈರಿಂಗ್ ₹20,000, ತಲೆ ತೊಳೆಯುವ ಬೇಸಿನ್ ಮತ್ತು ಪೈಪ್ ₹22,000, ಪೈಂಟ್, ಬೋರ್ಡ್ ₹25,000, ಒಟ್ಟು ₹1,22,000.

ಈ ಎರಡನೇ ಪಟ್ಟಿಯನ್ನು ನಿಮ್ಮನ್ನು ಎಬ್ಬಿಸಲಾಗದಷ್ಟು ತಿಂಗಳುಗಳಿಂದ ಭಾಗಿಸಿ. ಮಾಲಕರು ಮೂರು ವರ್ಷಕ್ಕೆ ಬರೆದುಕೊಟ್ಟರೆ 36 ತಿಂಗಳು, ತಿಂಗಳಿಗೆ ಸುಮಾರು ₹3,400. ಬರೀ 11 ತಿಂಗಳ ಅಗ್ರಿಮೆಂಟ್ ಆದರೆ ತಿಂಗಳಿಗೆ ₹11,100. ಬಾಡಿಗೆಯಲ್ಲಿ ಐನೂರು ಚೌಕಾಸಿ ಮಾಡಲು ಅರ್ಧ ದಿನ ಕಳೆಯುವವರು, ತಿಂಗಳಿಗೆ ಏಳು ಸಾವಿರಕ್ಕೂ ಮಿಕ್ಕಿದ ಈ ವ್ಯತ್ಯಾಸವನ್ನು ಒಂದೇ ಸಹಿಯಲ್ಲಿ ಬಿಟ್ಟುಕೊಡುತ್ತಾರೆ.

ಈಗ ತಿಂಗಳ ಲೆಕ್ಕ, ಮೂರು ವರ್ಷದ ಅಗ್ರಿಮೆಂಟ್ ಎಂದುಕೊಂಡು. ಬಾಡಿಗೆ 14,000; ಕರೆಂಟ್ 4,000; ನೀರು, ಕಸ, ಶುಚಿ 1,200; ಲೈಸೆನ್ಸ್, ಫೋನ್, ರಿಪೇರಿ 1,800. ಇಲ್ಲಿಗೆ ₹21,000. ಒಳಗಿನ ಕೆಲಸದ ಪಾಲು 3,400, ಕುರ್ಚಿ ಮತ್ತು ಎಸಿಯ ಸವಕಳಿ 1,600, ಎರಡು ಲಕ್ಷ ಸಾಲದ ಬಡ್ಡಿ 2,000. ಈಗ ₹28,000. ಮನೆ ಖರ್ಚು ಸೇರಿಸಿದರೆ ₹50,000. ಇದನ್ನು 160ರಿಂದ ಭಾಗಿಸಿದರೆ ತಿಂಗಳಿಗೆ 313 ಜನ, ದಿನಕ್ಕೆ 12. ಹನ್ನೊಂದು ತಿಂಗಳ ಅಗ್ರಿಮೆಂಟ್ ಆದರೆ ಇದೇ ಲೆಕ್ಕ ದಿನಕ್ಕೆ 14ಕ್ಕೆ ಏರುತ್ತದೆ.

ಸರಾಸರಿ 12 ಎಂದರೆ ಕೇಳಲು ದೊಡ್ಡದಲ್ಲ. ಆದರೆ ಒಬ್ಬರಿಗೆ ಗುಡಿಸುವುದೂ ಸೇರಿ 35 ನಿಮಿಷ ಹಿಡಿದರೆ, ಒಂಬತ್ತು ಗಂಟೆಯ ಕೆಲಸದಲ್ಲಿ ಒಬ್ಬನ ಕೈ ಮುಟ್ಟುವುದು 15 ಜನರನ್ನು. ಭಾನುವಾರ ಇಪ್ಪತ್ತು ಜನ ಬಂದರೆ ಐವರು ಬಾಗಿಲಿನಿಂದಲೇ ವಾಪಸು, ಬುಧವಾರ ಆರೇ ಜನ. ಹಾಗಾಗಿ ಒಬ್ಬನೇ ನಡೆಸುವ ಅಂಗಡಿಯಲ್ಲಿ ಸರಾಸರಿ 12 ಮುಟ್ಟುವುದು ನಿಜಕ್ಕೂ ಕಷ್ಟ.

ಎರಡನೇ ಕುರ್ಚಿ ಅಲ್ಲಿ ಕೆಲಸಕ್ಕೆ ಬರುತ್ತದೆ. ಅದನ್ನು ಇನ್ನೊಬ್ಬ ಕೆಲಸಗಾರನಿಗೆ ₹9,000ಕ್ಕೆ ಕೊಟ್ಟು, ಹೆಚ್ಚುವರಿ ಕರೆಂಟಿಗೆ ಸಾವಿರ ಕಳೆದರೆ ₹8,000 ಉಳಿಯುತ್ತದೆ. ಆಗ ನಿಮಗೆ ಬೇಕಾದದ್ದು 263 ಜನ, ದಿನಕ್ಕೆ ಹತ್ತು. ಆದರೆ ಹಾಗೆ ಕೊಡಲು ಮಾಲಕರ ಒಪ್ಪಿಗೆ ಅಗ್ರಿಮೆಂಟಿನಲ್ಲೇ ಇರಬೇಕು. ಅದಕ್ಕೆ ಹಂತ 5ರಲ್ಲಿ ಬರುತ್ತೇವೆ.

## ಹಂತ 4: ಬಡ ತಿಂಗಳುಗಳನ್ನು ಹಾಕಿ ನೋಡಿ

ಮೊದಲ ತಿಂಗಳು ತನ್ನವರು 80, ದಾರಿಹೋಕರು ದಿನಕ್ಕೆ ಐದರಂತೆ 130, ಒಟ್ಟು 210 ಜನ ಬಂದರು ಎನ್ನೋಣ. ಬೇಕಾದ 313ಕ್ಕೆ 103 ಕಡಿಮೆ, ಅಂದರೆ ₹16,480 ಕೊರತೆ. ಈ ಕೊರತೆ ಆರು ತಿಂಗಳಲ್ಲಿ ನಿಧಾನವಾಗಿ ಇಳಿದು ಸೊನ್ನೆಯಾದರೂ ಅಷ್ಟರಲ್ಲಿ ಕೈಯಿಂದ ಹೋಗುವುದು ಸುಮಾರು ₹50,000. ಅಡ್ವಾನ್ಸ್, ಒಳಗಿನ ಕೆಲಸ ಎರಡೂ ಮುಗಿದ ಮೇಲೆ ಈ ಹಣ ಬ್ಯಾಂಕಿನಲ್ಲಿ ಉಳಿದಿರಬೇಕು.

ಅದರ ಮೇಲೆ ಋತು. ನವೆಂಬರ್ ನಡುವಿನಿಂದ ಮಕರ ಸಂಕ್ರಾಂತಿಯವರೆಗೆ ಶಬರಿಮಲೆಗೆ ಮಾಲೆ ಹಾಕಿದವರು ಕತ್ತರಿ, ರೇಜರ್ ಮುಟ್ಟಿಸುವುದಿಲ್ಲ. ನಿಮ್ಮ ಗಿರಾಕಿಗಳಲ್ಲಿ ಮಾಲೆ ಹಾಕುವವರು ಹೆಚ್ಚಿದ್ದರೆ ಗಲ್ಲಾಪೆಟ್ಟಿಗೆಗೆ ತಿಳಿಯುತ್ತದೆ. ಕ್ರೈಸ್ತರ ಮನೆಗಳು ಹೆಚ್ಚಿರುವ ಕಡೆ ಕ್ರಿಸ್ಮಸ್ ಅದನ್ನು ಸ್ವಲ್ಪ ತುಂಬಿಕೊಡುತ್ತದೆ. ಮಣಿಪಾಲ, ದೇರಳಕಟ್ಟೆ, ಸುರತ್ಕಲ್‌ನಲ್ಲಿ ವಿದ್ಯಾರ್ಥಿಗಳನ್ನೇ ನಂಬಿದ ಅಂಗಡಿಗೆ ಕಾಲೇಜಿನ ರಜೆಯೇ ಬಡ ತಿಂಗಳು. ಮದುವೆ ಮೇಕಪ್, ಫೇಶಿಯಲ್ ಮಾಡುವ ಹೆಂಗಸರ ಪಾರ್ಲರ್‌ಗೆ ಆಟಿ ತಿಂಗಳು ಹಾಗೆಯೇ.

ಯಾವ ಮೂರು ತಿಂಗಳು ನಿಮಗೆ ಬಡವಾಗುತ್ತವೆ ಎಂದು ಗುರುತಿಸಿ, ಅವುಗಳಲ್ಲಿ ಕಾಲು ಭಾಗ ಗಿರಾಕಿ ಕಳೆಯಿರಿ. ಅಂಗಡಿಯ ಲೆಕ್ಕದಲ್ಲಿ ಅದು ತಿಂಗಳಿಗೆ 78 ಜನ, ಮೂರು ತಿಂಗಳಿಗೆ ಸುಮಾರು ₹37,000. ನಿಗದಿ ಕುರ್ಚಿ ಬಾಡಿಗೆಯೂ ಆ ತಿಂಗಳು ಇಳಿಯುವುದಿಲ್ಲ. ತಾನಾಗಿ ಇಳಿಯುವುದು ಪರ್ಸೆಂಟೇಜ್ ಒಂದೇ.

## ಹಂತ 5: ಕಾಗದಪತ್ರ

### ಕುರ್ಚಿಗೆ ಹೋಗುವವರು

ಮೊದಲು ಕೇಳಬೇಕಾದದ್ದು ನಿಮ್ಮ ಒಪ್ಪಂದವಲ್ಲ, ಸೆಲೂನಿನ ಯಜಮಾನರು ಕಟ್ಟಡದ ಮಾಲಕರೊಂದಿಗೆ ಮಾಡಿಕೊಂಡ ಅಗ್ರಿಮೆಂಟ್. ಅದರಲ್ಲಿ ಎರಡು ಸಾಲು ಹುಡುಕಿ: ಅವಧಿ ಯಾವಾಗ ಮುಗಿಯುತ್ತದೆ, ಮತ್ತು ಒಳಬಾಡಿಗೆಗೆ ಕೊಡಬಾರದು ಎಂದು ಬರೆದಿದೆಯೇ. ಆ ನಿಷೇಧ ಬಹುತೇಕ ಅಗ್ರಿಮೆಂಟುಗಳಲ್ಲಿ ಇದ್ದೇ ಇರುತ್ತದೆ. ಮಾಲಕರು ತಕರಾರು ತೆಗೆದ ದಿನ ಯಜಮಾನರಿಗೆ ನೋಟಿಸ್ ಬರುತ್ತದೆ, ನಿಮ್ಮ ಕುರ್ಚಿ ಹೊರಗೆ ಬರುತ್ತದೆ. ಮಾಲಕರಿಂದ ‘ಕುರ್ಚಿ ಕೊಡಲು ಅಡ್ಡಿಯಿಲ್ಲ’ ಎಂಬ ಒಂದು ಸಾಲಿನ ಪತ್ರ ಇದ್ದರೆ ಸಾಕು. ಅಗ್ರಿಮೆಂಟ್ ತೋರಿಸಲು ಒಪ್ಪದಿದ್ದರೆ, ಅಥವಾ ಅವಧಿ ಮೂರು ತಿಂಗಳಲ್ಲಿ ಮುಗಿಯುವಂತಿದ್ದರೆ, ಡಿಪಾಸಿಟ್ ಕೊಡಬೇಡಿ. ಗೋಡೆಯ ಮೇಲಿನ ಟ್ರೇಡ್ ಲೈಸೆನ್ಸ್ ಈ ವರ್ಷದ್ದೇ ಎಂದೂ ನೋಡಿ.

ಆಮೇಲೆ ನಿಮ್ಮ ಒಪ್ಪಂದ. ‘ಅಗ್ರಿಮೆಂಟ್ ಎಲ್ಲ ಎಂತಕ್ಕೆ ಮಾರಾಯ್ರೆ, ನಾವು ನಾವೇ ಅಲ್ವಾ’ ಎಂದವರ ಹತ್ತಿರವೂ ಸ್ಟ್ಯಾಂಪ್ ಪೇಪರ್‌ನಲ್ಲಿ ಬರೆಸಿ. ಯಾವ ಕುರ್ಚಿ ಎಂಬುದು ಅದರಲ್ಲಿರಲಿ: ಬಾಗಿಲಿನ ಹತ್ತಿರದ್ದಕ್ಕೂ ಕಂಬದ ಹಿಂದಿನದ್ದಕ್ಕೂ ಗಿರಾಕಿಯಲ್ಲಿ ತುಂಬಾ ವ್ಯತ್ಯಾಸವಿದೆ. ಹೊಸ ಗಿರಾಕಿಯ ಸರದಿ, ಟವೆಲ್ ಯಾರದ್ದು, ಬೀಗದ ಕೈ ಸಿಗುತ್ತದೆಯೇ, ಬಿಡಲು ಎಷ್ಟು ದಿನದ ನೋಟಿಸ್, ಡಿಪಾಸಿಟ್ ಯಾವ ದಿನದೊಳಗೆ ವಾಪಸು ಎಂಬುದೂ ಇರಲಿ. ಬಿಟ್ಟು ಹೋದ ಮೇಲೆ ಹತ್ತಿರದಲ್ಲಿ ಕೆಲಸ ಮಾಡಬಾರದು ಎಂಬ ಸಾಲು ಸೇರಿಸಿದ್ದರೆ ತೆಗೆಸಿ. ಆ 80 ಜನ ನಿಮ್ಮ ಬಂಡವಾಳ.

### ಅಂಗಡಿ ತೆಗೆದುಕೊಳ್ಳುವವರು

ಒಂದು ವರ್ಷ ಮೀರಿದ ಬಾಡಿಗೆ ಕರಾರನ್ನು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಮಾಡಲೇಬೇಕು. 1908ರ ನೋಂದಣಿ ಕಾಯ್ದೆಯ ನಿಯಮ ಅದು. ಆ ಖರ್ಚು ತಪ್ಪಿಸಲೆಂದೇ 11 ತಿಂಗಳ ಅಗ್ರಿಮೆಂಟ್ ರೂಢಿಯಾಗಿರುವುದು. ಮೂರು ವರ್ಷ ಎಂದು ಬರೆದು ನೋಂದಣಿ ಮಾಡದಿದ್ದರೆ ಆ ಮೂರು ವರ್ಷದ ಮೇಲೆ ನಿಮಗೆ ಹಿಡಿತ ಇರುವುದಿಲ್ಲ. ತಿಂಗಳ ಬಾಡಿಗೆದಾರನೆಂದು ಪರಿಗಣಿಸಿ 15 ದಿನದ ನೋಟಿಸ್‌ನಲ್ಲಿ ಎಬ್ಬಿಸಬಹುದು. ಒಂದೂಕಾಲು ಲಕ್ಷವನ್ನು ಗೋಡೆಗೆ ಮೆತ್ತುವವರು ನೋಂದಣಿ ಖರ್ಚಿಗೆ ಹಿಂಜರಿಯಬಾರದು. ಮಾಲಕರು ಒಪ್ಪದಿದ್ದರೆ ಒಳಗಿನ ಕೆಲಸವನ್ನೇ ಕಡಿಮೆ ಮಾಡಿ: ಗೋಡೆಗೆ ಕೂರಿಸುವ ಬದಲು ನಿಲ್ಲಿಸುವ ಕನ್ನಡಿ, ಬಿಚ್ಚಿ ಒಯ್ಯಬಹುದಾದ ರ‍್ಯಾಕ್.

ವರ್ಷಕ್ಕೆ ಬಾಡಿಗೆ ಎಷ್ಟು ಏರುತ್ತದೆ, ಎರಡನೇ ಕುರ್ಚಿ ಇನ್ನೊಬ್ಬರಿಗೆ ಕೊಡಬಹುದು, ಎಸಿ, ಕುರ್ಚಿ, ಇನ್ವರ್ಟರ್ ನನ್ನದು, ಬಿಡುವಾಗ ಒಯ್ಯುತ್ತೇನೆ: ಈ ಸಾಲುಗಳು ಅಗ್ರಿಮೆಂಟಿನಲ್ಲಿರಲಿ. ‘ಮುಂದಿನ ಬಾಡಿಗೆದಾರ ಬಂದ ಮೇಲೆ ಅಡ್ವಾನ್ಸ್ ವಾಪಸು’ ಎಂಬ ಮಾತಿಗೆ ಒಪ್ಪಬೇಡಿ. ಬೀಗದ ಕೈ ಕೊಟ್ಟ ದಿನವೇ ವಾಪಸು ಎಂದು ಬರೆಸಿ.

ಮಾಲಕರಿಂದ ಕಟ್ಟಡ ತೆರಿಗೆ ರಸೀದಿ ಕೇಳಿ. ಅದರಲ್ಲಿ ಡೋರ್ ನಂಬರ್ ಇದೆಯೇ, ವಾಣಿಜ್ಯ ಎಂದು ಇದೆಯೇ ನೋಡಿ. ಮನೆ ಎಂದು ದಾಖಲಾದ ಕೋಣೆಗೆ ಮಹಾನಗರ ಪಾಲಿಕೆಯಲ್ಲಾಗಲಿ, ಉಡುಪಿ ನಗರಸಭೆಯಲ್ಲಾಗಲಿ ಟ್ರೇಡ್ ಲೈಸೆನ್ಸ್ ಸಿಕ್ಕಿಹಾಕಿಕೊಳ್ಳುತ್ತದೆ. ಆ ಹೊತ್ತಿಗೆ ನಿಮ್ಮ ಕನ್ನಡಿ ಗೋಡೆಯಲ್ಲಿರುತ್ತದೆ.

## ಹಂತ 6: ಕೋಣೆಯನ್ನು ಮಳೆಯ ಕಣ್ಣಿನಿಂದ ನೋಡಿ

ಬೇಸಿಗೆಯಲ್ಲಿ ಎಲ್ಲ ಕೋಣೆಯೂ ಚೆಂದ. ಆದರೆ ನೀವು ಅದರಲ್ಲಿ ಜೂನ್‌ನಿಂದ ಸೆಪ್ಟೆಂಬರ್ ಕಳೆಯಬೇಕು. ಗೋಡೆಯ ಕೆಳಗಿನ ಎರಡು ಅಡಿಗೆ ಟಾರ್ಚನ್ನು ಓರೆಯಾಗಿ ಹಿಡಿಯಿರಿ. ಪೈಂಟ್ ಉಬ್ಬಿದ್ದರೆ, ಬೆರಳಿಗೆ ಬಿಳಿ ಪುಡಿ ಹತ್ತಿದರೆ, ಕೆಂಪುಕಲ್ಲಿನ ಗೋಡೆ ತೇವ ಎಳೆಯುತ್ತಿದೆ ಎಂದರ್ಥ. ಅಲ್ಲಿ ಪ್ಲೈವುಡ್ ಕೂರಿಸಿದರೆ ಎರಡನೇ ಮಳೆಗಾಲಕ್ಕೆ ಬಾಗುತ್ತದೆ. ಶಟರ್‌ನ ತಳಪಟ್ಟಿ ತುಕ್ಕು ತಿಂದಿದ್ದರೆ ನೀರು ಹೊಸ್ತಿಲು ದಾಟುತ್ತದೆ. ಕಾಂಕ್ರೀಟ್ ಹಾಕಿದ ಮೇಲೆ ಎತ್ತರವಾದ ರಸ್ತೆಗಿಂತ ಅಂಗಡಿ ಎಷ್ಟು ಕೆಳಗಿದೆ, ಟೇಪ್ ಹಿಡಿಯಿರಿ. ಕೊಟ್ಟಾರ ಚೌಕಿಯಂಥ ತಗ್ಗಿನಲ್ಲಿ ಜೋರು ಮಳೆಗೆ ರಸ್ತೆಯೇ ಕೆರೆಯಾಗುತ್ತದೆ. ಅಲ್ಲಿ ಪಕ್ಕದ ಅಂಗಡಿಯವರನ್ನು ಕೇಳದೆ ಮುಂದುವರಿಯಬೇಡಿ.

ನೀರಿನ ಪರೀಕ್ಷೆ ಏಪ್ರಿಲ್, ಮೇ ತಿಂಗಳದ್ದು. ತುಂಬೆ ಅಣೆಕಟ್ಟಿನಲ್ಲಿ ನೀರು ಇಳಿದರೆ ಮಂಗಳೂರಿಗೆ, ಬಜೆಯಲ್ಲಿ ಇಳಿದರೆ ಉಡುಪಿಗೆ ರೇಶನಿಂಗ್ ಬರುತ್ತದೆ. ಕಟ್ಟಡಕ್ಕೆ ಬಾವಿ ಇದೆಯೇ, ಬೇಸಿಗೆಯಲ್ಲಿ ಅದು ಉಪ್ಪಾಗುತ್ತದೆಯೇ ಎಂದು ಕೇಳಿ. ಬೇಸಿನ್‌ನ ನೀರು ಎಲ್ಲಿಗೆ ಹೋಗುತ್ತದೆ ಎಂಬುದನ್ನೂ ಕಣ್ಣಾರೆ ನೋಡಿ. ಒಳಚರಂಡಿ ಇಲ್ಲದ ಕಡೆ ಮಳೆನೀರಿನ ತೋಡಿಗೆ ಬಿಟ್ಟರೆ ಅಕ್ಕಪಕ್ಕದವರ ದೂರು ತಪ್ಪದು.

ಕರೆಂಟ್‌ಗೆ ಮೆಸ್ಕಾಂ ಬಿಲ್ ಒಂದೇ ಸಾಕು. ವಾಣಿಜ್ಯ ದರದ ಮೀಟರೇ, ಮಂಜೂರಾದ ಲೋಡ್ ಎಷ್ಟು, ಹಳೆ ಬಾಕಿ ಇದೆಯೇ ಎಂಬುದೆಲ್ಲ ಅದರಲ್ಲಿರುತ್ತದೆ. ಒಂದೂವರೆ ಟನ್ ಎಸಿ, 2 ಕಿಲೋವ್ಯಾಟ್ ಗೀಸರ್, ಒಂದು ಹೇರ್ ಡ್ರೈಯರ್ ಒಟ್ಟಿಗೆ ಓಡಿದರೆ ಐದೂವರೆ ಕಿಲೋವ್ಯಾಟ್ ಹತ್ತಿರ ಬರುತ್ತದೆ. ಮಂಜೂರಾದದ್ದು 2 ಆಗಿದ್ದರೆ ಲೋಡ್ ಏರಿಸುವ ಖರ್ಚು ಯಾರದ್ದು ಎಂದು ಮೊದಲೇ ತೀರ್ಮಾನವಾಗಲಿ. ಬಾಕಿ ಆರ್‌ಆರ್ ನಂಬರಿನ ಮೇಲೆ ನಿಲ್ಲುತ್ತದೆ, ಹಳೆ ಬಾಡಿಗೆದಾರ ಹೋಗಿರುತ್ತಾನೆ, ಲೈನ್ ಕಟ್ ಆಗುವುದು ನಿಮ್ಮದು.

## ಹಂತ 7: ತೀರ್ಮಾನ

ನಮ್ಮ ಕೆಲಸಗಾರನಿಗೆ ಉತ್ತರ ಸ್ಪಷ್ಟ. ಕೈಯಲ್ಲಿ 80 ಜನ, ಅಂಗಡಿಗೆ ಬೇಕು 313. ಬಿಜೈಯ ಕುರ್ಚಿಯೇ ಸರಿ, ಮೊದಲ ಮೂರು ತಿಂಗಳು ಪರ್ಸೆಂಟೇಜ್ ಮೇಲೆ. ಅಲ್ಲಿಯೂ ನೋಟ್‌ಬುಕ್ ಮುಂದುವರಿಯಲಿ. ಸುತ್ತು ಹಾಕಿದ ಗೆರೆಗಳು ಅಂಗಡಿಗೆ ಬೇಕಾದ ಸಂಖ್ಯೆಯ ಸುಮಾರು ಅರ್ಧ, ಅಂದರೆ 155 ದಾಟಿ, ಮೂರು ತಿಂಗಳು ಅಲ್ಲೇ ನಿಂತರೆ ಆಗ ಕೋಣೆ ಹುಡುಕಲಿ. ಅಷ್ಟರೊಳಗೆ ಬಿಜೈ ಸುತ್ತಮುತ್ತ ಗಿರಾಕಿ ಬೆಳೆದಿರುತ್ತಾರೆ, ಕೋಣೆಯೂ ಅದೇ ಬದಿಯಲ್ಲಿ ಸಿಗಬೇಕು.

ಅಂಗಡಿಯೇ ಸರಿ ಎಂದು ಬರುವ ಸಂದರ್ಭವೂ ಇದೆ. ಸುತ್ತು ಹಾಕಿದವರು ಇನ್ನೂರರ ಹತ್ತಿರ, ಎರಡನೇ ಕುರ್ಚಿಗೆ ಆಳು ಗೊತ್ತಾಗಿದ್ದಾನೆ, ಮೂರು ವರ್ಷದ ನೋಂದಾಯಿತ ಕರಾರು ಸಿಗುತ್ತದೆ, ಹಂತ 4ರ ಎರಡು ಮೊತ್ತ ಸೇರಿ ಸುಮಾರು ₹87,000 ಬೇರೆಯೇ ಇದೆ. ನಾಲ್ಕೂ ಇದ್ದರೆ ಕುರ್ಚಿ ಬಾಡಿಗೆಯಲ್ಲಿ ವರ್ಷ ಕಳೆಯುವುದು ದಂಡ. ಮೂರಿದ್ದು ಹಣ ಮಾತ್ರ ಇಲ್ಲದಿದ್ದರೆ ಕಾಯಿರಿ. ಕೊರತೆ ತುಂಬಲು ತೆಗೆದ ಸಾಲ ಬಾಡಿಗೆಗಿಂತ ಬೇಗ ಬೆಳೆಯುತ್ತದೆ.

ಅಂಗಡಿ ಎಂದಾದರೆ ಒಳಗಿನ ಕೆಲಸಕ್ಕೆ ಒಂದು ತಿಂಗಳು ಬಾಡಿಗೆ ಬೇಡ ಎಂದು ಕೇಳಿ. ಕೋಣೆ ಖಾಲಿ ಕೂತಿದ್ದರೆ ಮಾಲಕರು ಹದಿನೈದು ದಿನವಾದರೂ ಬಿಡುತ್ತಾರೆ. ಗಂಡಸರ ಸೆಲೂನಾದರೆ ತೆರೆಯುವ ದಿನವನ್ನು ಮಾಲೆ ಹಾಕುವ ಸಮಯಕ್ಕೆ ಕನಿಷ್ಠ ಎರಡು ತಿಂಗಳು ಮೊದಲೇ ಇಡಿ, ಅಥವಾ ಸಂಕ್ರಾಂತಿ ಕಳೆದ ಮೇಲೆ ಇಡಿ.